ಈ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ಸರಿಯಾದ ವಯಸ್ಸು ಸಿಗುತ್ತದೆಯೇ?

ಅರ್ಜಿಯಲ್ಲಿ ‘ಪೂರ್ಣಗೊಂಡ ವಯಸ್ಸು’ ಎಂದು ಕೇಳಿದರೆ ಹಲವರು ಈ ವರ್ಷದಿಂದ ಹುಟ್ಟಿದ ವರ್ಷ ಕಳೆದು ಬರೆದುಬಿಡುತ್ತಾರೆ. ಈ ಲೆಕ್ಕ ಕೆಲವೊಮ್ಮೆ ಒಂದು ವರ್ಷ ಜಾಸ್ತಿ ತೋರಿಸುತ್ತದೆ.

ಮೂಡಲಪಾಳ್ಯದ ಮಗುವೊಂದು 2019ರ ಡಿಸೆಂಬರ್ 15ರಂದು ಹುಟ್ಟಿದೆ, 2025-26ರಲ್ಲಿ ಒಂದನೇ ತರಗತಿಗೆ ಸೇರಬೇಕಿತ್ತು ಎಂದುಕೊಳ್ಳಿ. 2025ರಲ್ಲಿ 2019 ಕಳೆದರೆ 6. ಆದರೆ ಕರ್ನಾಟಕದ ಶಾಲಾ ದಾಖಲಾತಿಗೆ ಲೆಕ್ಕಕ್ಕೆ ಬರುವುದು ಜೂನ್ 1ರಂದು ಇರುವ ವಯಸ್ಸು. ಅಷ್ಟರಲ್ಲಿ 2025ರ ಹುಟ್ಟುಹಬ್ಬ ಬಂದಿರಲಿಲ್ಲ, ಹಾಗಾಗಿ ಒಂದು ಕಳೆಯಬೇಕು. ಎಣಿಸುವುದು ಹಿಂದಿನ ಹುಟ್ಟುಹಬ್ಬದಿಂದ: 2024ರ ಡಿಸೆಂಬರ್ 15ಕ್ಕೆ 5 ವರ್ಷ, ಮೇ 15ಕ್ಕೆ ಮತ್ತೆ 5 ತಿಂಗಳು, ಜೂನ್ 1ಕ್ಕೆ ಇನ್ನು 17 ದಿನ.

ನಿಯಮದಲ್ಲಿದ್ದದ್ದು 6 ವರ್ಷ. ಪೋಷಕರ ಒತ್ತಾಯದ ನಂತರ ಸರ್ಕಾರ ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ಸಾಲಿಗೆ 5 ವರ್ಷ 5 ತಿಂಗಳು ಸಾಕು ಎಂದಿತು. ಈ ಮಗುವಿಗೆ ದಾರಿಯಾದದ್ದು ಆ ಸಡಿಲಿಕೆಯಿಂದ, ಕಳೆಯುವ ಲೆಕ್ಕದ 6ರಿಂದ ಅಲ್ಲ. 2020ರ ಜನವರಿ 1ರಂದು ಹುಟ್ಟಿದ ಮಗುವಿಗೂ ಅವಕಾಶವಿತ್ತು. ಜನವರಿ 2ರಂದು ಹುಟ್ಟಿದ ಮಗುವಿಗೆ ಒಂದೇ ದಿನ ಕಡಿಮೆ.

ಅರ್ಜಿ ತುಂಬುವ ದಿನದ ವಯಸ್ಸನ್ನು ಬರೆಯುವುದು ಇನ್ನೊಂದು ತಪ್ಪು. ‘ಈ ದಿನಾಂಕಕ್ಕೆ’ ಎಂದು ಅರ್ಜಿಯಲ್ಲಿ ಕೊಟ್ಟಿರುವ ದಿನವನ್ನೇ ಮೊದಲು ಹುಡುಕಿ.