ಕುಪ್ಪಳಿಸಿ ಓಡುವ ಪುಟ್ಟ ನಾಯಿಗೆ ನರ ಹಿಡಿದಿದೆಯೇ?

ಬೆಳಗಾವಿಯ ಕೋಟೆ ಕೆರೆ ದಂಡೆಯಲ್ಲಿ ಓಡುವ ಪೊಮೆರೇನಿಯನ್ ನಾಯಿ ಹಿಂಗಾಲೊಂದನ್ನು ಎತ್ತಿ ಮೂರ್ನಾಲ್ಕು ಹೆಜ್ಜೆ ಕುಪ್ಪಳಿಸಿ, ಮತ್ತೆ ಸರಿಯಾಗಿ ಓಡಿತು ಎಂದುಕೊಳ್ಳಿ. ‘ನರ ಹಿಡಿದಿದೆ, ಎಣ್ಣೆ ತಿಕ್ಕಿ’ ಎಂಬ ಸಲಹೆ ನಾವೂ ಕೇಳಿದ್ದೇವೆ. ಆದರೆ ಪುಟ್ಟ ತಳಿಗಳಲ್ಲಿ ಹೆಚ್ಚಾಗಿ ಮಂಡಿಚಿಪ್ಪು ತನ್ನ ತೋಡಿನಿಂದ ಒಳಬದಿಗೆ ಜಾರಿರುತ್ತದೆ. ಎಣ್ಣೆಯಿಂದ ತೋಡು ಆಳವಾಗದು.

ಪಶುವೈದ್ಯರು ಕೈಯಿಂದ ಮುಟ್ಟಿ ಹಂತ ಗುರುತಿಸುತ್ತಾರೆ:

ಹಂತ 1: ಒತ್ತಿದರೆ ಜಾರುತ್ತದೆ, ಬಿಟ್ಟರೆ ಮರಳುತ್ತದೆ.
ಹಂತ 2: ಆಗಾಗ ತಾನೇ ಜಾರುತ್ತದೆ, ಕಾಲು ಚಾಚಿದಾಗ ಮರಳುತ್ತದೆ.
ಹಂತ 3: ಸದಾ ಹೊರಗೇ ಇರುತ್ತದೆ, ಕೈಯಿಂದ ಕೂರಿಸಿದರೂ ಮತ್ತೆ ಜಾರುತ್ತದೆ.
ಹಂತ 4: ಕೂರಿಸಲೂ ಆಗದು.

ಮೊದಲ ಹಂತಕ್ಕೆ ಸಾಮಾನ್ಯವಾಗಿ ತೂಕ ಹತೋಟಿ ಮತ್ತು ನಿಗಾ ಸಾಕು. ಎರಡರಲ್ಲಿ ಕುಂಟುವುದು ಪದೇ ಪದೇ ಕಂಡರೆ, ಮೂರು–ನಾಲ್ಕರಲ್ಲಿ ಬಹುತೇಕ, ತೋಡು ಆಳ ಮಾಡುವ ಶಸ್ತ್ರಚಿಕಿತ್ಸೆ ಪರಿಗಣಿಸುತ್ತಾರೆ. ಮರಿಗೆ ತೀವ್ರ ಹಂತವಿದ್ದರೆ ತಡ ಬೇಡ, ಬೆಳೆಯುವಾಗ ಮೂಳೆಯೇ ಸೊಟ್ಟಗಾಗಬಹುದು. ಕಾಲು ಊರುವುದನ್ನೇ ದಿಢೀರನೆ ಬಿಟ್ಟರೆ ಮಂಡಿಯ ಅಸ್ಥಿರಜ್ಜು ಹರಿದಿರಬಹುದು, ಬೇಗ ತೋರಿಸಿ.