ದೋಣಿ ನೋಡಿ ನದಿ ಹೇಳಬಹುದಾ?

ಇವತ್ತು ಒಂದು ಹಳೇ ಕಪ್ಪು-ಬಿಳುಪು ಫೋಟೊದಿಂದ ಶುರು ಮಾಡೋಣ. ಕೇಳುಗರೊಬ್ಬರು ಕಳಿಸಿದ್ದು. ಅವರ ಮುತ್ತಜ್ಜ ಅಂಬಿಗರು. ಹುಟ್ಟು ಹಿಡಿದು ಗುಂಡಗಿನ ಹರಿಗೋಲಿನಲ್ಲಿ ನಿಂತಿದ್ದಾರೆ. ಹಿಂದೆ ಯಾರೋ 'ಕಾವೇರಿ' ಅಂತ ಬರೆದಿದ್ದಾರೆ. ಮನೆಯವರ ಪ್ರಶ್ನೆ ಒಂದೇ: ನಮ್ಮ ಮೂಲ ಊರು ಯಾವುದು?

ಮೊದಲು ದೋಣಿಯ ಆಕಾರ ನೋಡೋಣ. ಹರಿಗೋಲಿಗೆ ಮುಂದೆ-ಹಿಂದೆ ಅಂತ ಇಲ್ಲ, ತಳ ಚಪ್ಪಟೆ. ಬಂಡೆ ತುಂಬಿದ, ಆಳ ಕಡಿಮೆ ಇರುವ ನೀರಿನಲ್ಲಿ ಅದು ಕಲ್ಲಿಗೆ ತಾಗಿದರೂ ತಿರುಗಿಕೊಂಡು ಮುಂದೆ ಹೋಗುತ್ತೆ. ಕರಾವಳಿಯ ಅಗಲವಾದ ಅಳಿವೆಗಳಲ್ಲಿ ಉಬ್ಬರ-ಇಳಿತ ಇರುತ್ತೆ, ನೇರವಾಗಿ ಸಾಗಬೇಕು. ಹಾಗಾಗಿ ಅಲ್ಲಿನ ಕಡವಿನಲ್ಲಿ ಉದ್ದನೆಯ ಮರದ ದೋಣಿ. ಅಂದರೆ ನಮ್ಮ ಫೋಟೊ ನೇತ್ರಾವತಿಯದೋ ಶರಾವತಿ ಅಳಿವೆಯದೋ ಆಗಿರೋದು ಕಷ್ಟ.

ಆದರೆ ಗುಂಡಗಿನ ದೋಣಿ ಕಾವೇರಿಯಲ್ಲೂ ಇದೆ, ತುಂಗಭದ್ರೆಯಲ್ಲೂ ಇದೆ. ಹೊಗೇನಕಲ್‌ನಲ್ಲಿ ತಮಿಳರು ಅದನ್ನು ಪರಿಸಲ್ ಅಂತಾರೆ. ಹಾಗಾಗಿ ದೋಣಿ ಬಿಟ್ಟು ಹಿನ್ನೆಲೆ ನೋಡಬೇಕು. ಹೊಗೇನಕಲ್ ಆದರೆ ಎರಡೂ ಕಡೆ ಕಡಿದಾದ ಕಲ್ಲಿನ ಗೋಡೆ, ನಡುವೆ ಇಕ್ಕಟ್ಟಾದ ನೀರು. ನಮ್ಮ ಫೋಟೊದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ದುಂಡು ಬಂಡೆಗಳ ಗುಡ್ಡ ಇದೆ. ಬಲಗಡೆ ನಡುನೀರಿನಲ್ಲಿ ಸಾಲಾಗಿ ನಿಂತ ಕಲ್ಲಿನ ಕಂಬಗಳಿವೆ. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಗೆ ಇಳಿದವರಿಗೆ ಇದು ಗೊತ್ತು. ಅದು ವಿಜಯನಗರ ಕಾಲದ ಸೇತುವೆಯ ಉಳಿಕೆ. ಬಂಡೆಗುಡ್ಡ ಬೇರೆ ಕಡೆಯೂ ಸಿಗಬಹುದು, ಬಂಡೆ ಮತ್ತು ಈ ಕಂಬಸಾಲು ಎರಡೂ ಸೇರಿದರೆ ಅನುಮಾನ ಇಲ್ಲ. ಇದು ತುಂಗಭದ್ರೆ, ಆಚೆ ದಡ ಆನೆಗೊಂದಿ ಕಡೆ.

ಇನ್ನು ಕಾಲ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ದೋಣಿಯನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು-ಇಪ್ಪತ್ತು ಜನ ಕೂರಬಹುದು, ಸಾಗುವಾಗ ಸುತ್ತುತ್ತಲೇ ಇರುತ್ತೆ ಅಂತ. ಆಕಾರ ಐನೂರು ವರ್ಷ ಬದಲಾಗಿಲ್ಲ, ಆದ್ದರಿಂದ ಆಕಾರದಿಂದ ಇಸವಿ ಸಿಗಲ್ಲ. ಹೊದಿಕೆಯಿಂದ ಸಿಗುತ್ತೆ. ಚರ್ಮ ಆದರೆ ತುಂಡು ತುಂಡು ಸೇರಿಸಿದ ಹೊಲಿಗೆ ಕಾಣುತ್ತೆ. ನೆನೆದು ಕೊಳೆಯದಿರಲಿ ಅಂತ ಅದನ್ನು ದಡದಲ್ಲಿ ಕವುಚಿ ಒಣಗಿಸ್ತಿದ್ರು. ಆಮೇಲೆ ಬಂದದ್ದು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಈಗ ಫೈಬರ್. ನಮ್ಮ ಫೋಟೊದಲ್ಲಿ ಹೊಲಿಗೆ ಸ್ಪಷ್ಟವಾಗಿದೆ, ದಡದಲ್ಲಿ ಇನ್ನೊಂದು ಹರಿಗೋಲು ಕವುಚಿದೆ. ಅಂದರೆ ಪ್ಲಾಸ್ಟಿಕ್‌ಗಿಂತ ಹಿಂದಿನದು. ಅದಕ್ಕಿಂತ ನಿಖರವಾದ ಇಸವಿಯನ್ನು ದೋಣಿ ಹೇಳಲ್ಲ.

ಒಂದು ಎಚ್ಚರಿಕೆ: ಲೈಫ್ ಜಾಕೆಟ್ ಹಾಕಿದ ಪ್ರವಾಸಿಗರಿರುವ ಫೈಬರ್ ಹರಿಗೋಲು ನೋಡಿ ನದಿ ಹೇಳೋಕೆ ಹೋಗಬೇಡಿ. ಅದನ್ನು ಲಾರಿಯಲ್ಲಿ ತಂದು ಯಾವ ರೆಸಾರ್ಟ್ ಹಿನ್ನೀರಿಗೆ ಬೇಕಾದರೂ ಇಳಿಸಿರಬಹುದು.

ಆ ಮನೆಯವರು ಇಷ್ಟು ದಿನ ಶ್ರೀರಂಗಪಟ್ಟಣದ ಸುತ್ತ ಹುಡುಕ್ತಾ ಇದ್ರು. ಫೋಟೊ ತೆಗೆದ ಜಾಗವೇ ಹುಟ್ಟೂರು ಅಂತ ಹೇಳೋಕಾಗಲ್ಲ, ಆದರೆ ಕಡವು ಬಿಟ್ಟು ಅಂಬಿಗರು ದೂರ ಇರೋದು ಕಡಿಮೆ. ಅವರಿಗೆ ನಾನು ಹೇಳಿದ್ದು ಇಷ್ಟೇ: ಆನೆಗೊಂದಿಯ ಅಂಬಿಗರ ಮನೆಗಳಲ್ಲಿ ಈ ಫೋಟೊ ತೋರಿಸಿ ಕೇಳಿ.