ಸೂರ್ಯ ಮುಳುಗಿದರೂ ತಣಿಯದ ಪೇಟೆ

ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂದು ಹೆಸರಿಟ್ಟ ಲಂಡನ್ನಿನ ಲ್ಯೂಕ್ ಹೋವರ್ಡ್ ವೃತ್ತಿಯಿಂದ ಔಷಧ ತಯಾರಕ, ಹವಾಮಾನ ಅವನ ಹವ್ಯಾಸ. ಊರಾಚೆಯ ತನ್ನ ಮನೆಯಂಗಳದ ಉಷ್ಣಮಾಪಕವನ್ನು ಅವನು ವರ್ಷಗಟ್ಟಲೆ ಓದಿ ಬರೆದಿಟ್ಟ. ಆ ಅಂಕಿಗಳನ್ನು ನಗರದ ನಡುವೆ ರಾಯಲ್ ಸೊಸೈಟಿ ಬರೆದಿಡುತ್ತಿದ್ದ ಅಂಕಿಗಳೊಂದಿಗೆ ಹೋಲಿಸಿದಾಗ ಒಂದು ವಿಚಿತ್ರ ಕಂಡಿತು. ರಾತ್ರಿ ಹೊತ್ತು ನಗರ ಹಳ್ಳಿಗಿಂತ 3.70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್, ಹೆಚ್ಚು ಬೆಚ್ಚಗಿತ್ತು. ಹಗಲಿನಲ್ಲಿ ಮಾತ್ರ ಅದೇ ನಗರ 0.34 ಡಿಗ್ರಿ ಫ್ಯಾರನ್‌ಹೀಟ್ ತಂಪಾಗಿತ್ತು. 1818ರಿಂದ ಪ್ರಕಟವಾಗತೊಡಗಿದ ಅವನ ಲಂಡನ್ ಹವಾಮಾನದ ಗ್ರಂಥ ನಗರ ಹವಾಮಾನ ಶಾಸ್ತ್ರದ ಮೊದಲ ದಾಖಲೆ.

ಕಾರಣಗಳನ್ನೂ ಹೋವರ್ಡ್ ಊಹಿಸಿದ. ಒಲೆಗಳ ಬೆಂಕಿ, ಜನಸಂದಣಿಯ ಮೈಶಾಖ, ಬಿಸಿಲು ಹೀರುವ ಗೋಡೆಗಳು, ತಡೆಯಾಗುವ ಗಾಳಿ, ಆವಿಯಾಗಲು ನೀರಿನ ಕೊರತೆ ಅವನ ಪಟ್ಟಿಯಲ್ಲಿದ್ದವು. ಇಂದಿಗೂ ಆ ಪಟ್ಟಿಯಿಂದ ಕಿತ್ತುಹಾಕುವಂಥದ್ದು ಏನೂ ಇಲ್ಲ. ಯಾವುದರ ಪಾಲು ಎಷ್ಟು, ವ್ಯತ್ಯಾಸ ರಾತ್ರಿಯೇ ಏಕೆ ಹಿಗ್ಗುತ್ತದೆ ಎಂಬುದನ್ನು ಬಿಡಿಸಲು ಮಾತ್ರ ಇನ್ನೂ ನೂರೈವತ್ತು ವರ್ಷ ಬೇಕಾಯಿತು.

ಎರಡೇ ಉಷ್ಣಮಾಪಕಗಳಿಂದ ನಗರದ ನಕ್ಷೆ ಬರೆಯಲಾಗದು. 1920ರ ದಶಕದ ಕೊನೆಯಲ್ಲಿ ವಿಯೆನ್ನಾದ ವಿಲ್ಹೆಲ್ಮ್ ಶ್ಮಿಟ್ ಉಷ್ಣಮಾಪಕವನ್ನು ಕಾರಿಗೆ ಕಟ್ಟಿ ರಾತ್ರಿ ಬೀದಿಗಳಲ್ಲಿ ಓಡಿಸಿದ. ಈ ವಿಧಾನದಲ್ಲಿ ಒಂದು ಮೋಸ ಅಡಗಿದೆ: ಕಾರು ಊರು ಸುತ್ತಿ ಬರುವಷ್ಟರಲ್ಲಿ ಗಾಳಿಯೇ ಒಂದೆರಡು ಡಿಗ್ರಿ ತಣಿದಿರುತ್ತದೆ. ಹಾಗಾಗಿ ಹೊರಟ ಜಾಗಕ್ಕೇ ಮರಳಿ, ಅಲ್ಲಿ ಇಳಿದ ಡಿಗ್ರಿಗಳನ್ನು ದಾರಿಯುದ್ದದ ಅಂಕಿಗಳಿಗೆ ಸಮಯಕ್ಕೆ ತಕ್ಕಂತೆ ಹಂಚಿ ಸರಿಪಡಿಸಬೇಕು. ಹೀಗೆ ಬರೆದ ನಕ್ಷೆಗಳಲ್ಲಿ ತಂಪಾದ ಹೊಲಗದ್ದೆಗಳ ನಡುವೆ ಊರು ಬಿಸಿಯ ದಿಬ್ಬವಾಗಿ ಎದ್ದು ಕಂಡಿತು. ಉಷ್ಣದ್ವೀಪ ಎಂಬ ಹೆಸರು ಬಂದದ್ದು ಆ ರೂಪದಿಂದಲೇ. 1951ರಲ್ಲಿ ಸ್ವೀಡನ್ನಿನ ಉಪ್ಸಾಲಾ ಪಟ್ಟಣವನ್ನು ಅಳೆದ ಓಕೆ ಸುಂಡ್‌ಬೋರಿ, ಗಾಳಿ ಬೀಸಿದಷ್ಟೂ ಮೋಡ ಕವಿದಷ್ಟೂ ಈ ದಿಬ್ಬ ಕರಗುತ್ತದೆ ಎಂದು ಅಂಕಿಗಳಲ್ಲೇ ತೋರಿಸಿದ. ಲಂಡನ್ನಿನಲ್ಲಿ ಟೋನಿ ಚಾಂಡ್ಲರ್ 1959ರ ಮೇ ತಿಂಗಳ ಒಂದು ನಿರ್ಮಲ ರಾತ್ರಿ ನಡುಪೇಟೆಗೂ ಅಂಚಿಗೂ ಸುಮಾರು 6–7 ಡಿಗ್ರಿ ಸೆಲ್ಸಿಯಸ್ ಅಂತರ ಕಂಡ.

ಈ ಶಾಸ್ತ್ರದ ದಿಕ್ಕು ತಿರುಗಿಸಿದವನು ಕೆನಡಾದ ಟಿಮ್ ಓಕ್. 1970ರ ದಶಕದಲ್ಲಿ ಅವನೂ ಸಂಗಡಿಗರೂ ಗಂಟೆಗೆಷ್ಟು ಡಿಗ್ರಿ ಇಳಿಯಿತು ಎಂಬುದನ್ನು ನಗರದಲ್ಲೂ ಹಳ್ಳಿಯಲ್ಲೂ ಬೇರೆಬೇರೆಯಾಗಿ ಗಮನಿಸಿದರು. ಸಂಜೆ ಬಯಲು ನೆಲ ಸರ್ರನೆ ತಣಿಯುತ್ತದೆ, ನಗರ ನಿಧಾನವಾಗಿ ತಣಿಯುತ್ತದೆ. ಹೀಗೆ ಸೂರ್ಯಾಸ್ತದಿಂದ ಹಿಗ್ಗತೊಡಗಿದ ಅಂತರ ಮೂರರಿಂದ ಐದು ಗಂಟೆಗಳಲ್ಲಿ ತುದಿ ಮುಟ್ಟುತ್ತದೆ. ಅಲ್ಲಿಂದಾಚೆ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತವೆ. ರಾತ್ರಿ ನಗರ ಹೊಸದಾಗಿ ಕಾಯುವುದಿಲ್ಲ, ಹಳ್ಳಿಯಷ್ಟು ಬೇಗ ತಣಿಯಲಾರದು, ಅಷ್ಟೇ. ನನ್ನ ಮಟ್ಟಿಗೆ ಉಷ್ಣದ್ವೀಪದ ಬಗ್ಗೆ ಒಂದೇ ಸಂಗತಿ ನೆನಪಿಟ್ಟುಕೊಳ್ಳಬೇಕಿದ್ದರೆ ಅದು ಇದು. ವಾಹನ, ಏಸಿಗಳ ಶಾಖ ಅದರ ಮೇಲೆ ಸೇರುತ್ತದೆ ನಿಜ, ಆದರೆ ಅವುಗಳನ್ನಷ್ಟೇ ದೂರುವವರು ಕಟ್ಟಡಗಳ ಆಕಾರವನ್ನು ಮರೆಯುತ್ತಾರೆ.

ಆಕಾರದ ಸುಳಿವು ಸಿಕ್ಕಿದ್ದು ಒಂದು ಒಗಟಿನಿಂದ. 1973ರಲ್ಲಿ ಓಕ್, ಜನಸಂಖ್ಯೆ ಬೆಳೆದಂತೆ ಉಷ್ಣದ್ವೀಪದ ಗರಿಷ್ಠ ಅಂತರವೂ ಬೆಳೆಯುತ್ತದೆ ಎಂಬ ಲೆಕ್ಕ ಕೊಟ್ಟ. ಆದರೆ ಹತ್ತು ಲಕ್ಷ ಜನರ ಊರಿಗೆ ಉತ್ತರ ಅಮೆರಿಕದಲ್ಲಿ ಸುಮಾರು 11 ಡಿಗ್ರಿ ಬಂದರೆ ಯೂರೋಪಿನಲ್ಲಿ 8 ಮಾತ್ರ. ಜನ ಅಷ್ಟೇ ಇದ್ದೂ ಅಂತರ ಬೇರೆ ಏಕೆ? ಅಮೆರಿಕದ ನಡುಪೇಟೆಗಳು ಗೋಪುರಗಳಂತೆ ಎತ್ತರ, ಅವುಗಳ ನಡುವಿನ ಬೀದಿಗಳು ಕಮರಿಗಳಂತೆ ಆಳ. 1981ರಲ್ಲಿ ಅವನು ಬೀದಿಗಳ ಚಿಕ್ಕ ಮಾದರಿಗಳನ್ನು ತಣಿಯಬಿಟ್ಟು ನೋಡಿ, ಊರುಗಳ ಅಳತೆಗಳನ್ನೂ ಸೇರಿಸಿ, ಒಂದು ಸೂತ್ರ ಕಟ್ಟಿದ. H ಕಟ್ಟಡದ ಎತ್ತರ, W ಬೀದಿಯ ಅಗಲ:

ΔT = 7.45 + 3.97 ln(H/W)

ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ 6 ಮೀಟರ್ ಅಗಲದ ಗಲ್ಲಿ, ಇಕ್ಕೆಲದಲ್ಲೂ 12 ಮೀಟರ್ ಎತ್ತರದ ಕಟ್ಟಡಗಳು ಎಂದಿಟ್ಟುಕೊಳ್ಳೋಣ. ಅನುಪಾತ 2. ಅಂಥ ಉದ್ದನೆಯ ಗಲ್ಲಿಯ ನಡುವೆ ನೆಲದಿಂದ ಮೇಲೆ ನೋಡಿದರೆ ಬಯಲಿನಲ್ಲಿ ಕಾಣುವ ಆಕಾಶದ ಕಾಲುಭಾಗವಷ್ಟೇ ನೆಲದ ಪಾಲಿಗೆ ಸಿಗುತ್ತದೆ. ಉಳಿದ ಮುಕ್ಕಾಲು ಪಾಲು ಗೋಡೆ. ರಾತ್ರಿ ನೆಲ ತಣಿಯುವುದು ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ತಣ್ಣನೆಯ ಆಕಾಶಕ್ಕೆ ಬಿಟ್ಟು. ಇಲ್ಲಿ ಆ ಕಿರಣಗಳು ಎದುರಿನ ಗೋಡೆಗೆ ತಾಗುತ್ತವೆ, ಗೋಡೆಯೂ ಹಗಲಿನ ಬಿಸಿಲು ಕುಡಿದು ಕೂತಿದ್ದು ತನ್ನ ಶಾಖವನ್ನು ಮರಳಿ ಕಳಿಸುತ್ತದೆ. ಅದೇ 10 ಮೀಟರ್ ಎತ್ತರದ ಮನೆಗಳ ನಡುವೆ 20 ಮೀಟರ್ ಅಗಲದ ರಸ್ತೆಯಿದ್ದರೆ ಆಕಾಶದ ನೂರಕ್ಕೆ ಎಪ್ಪತ್ತು ಪಾಲು ತೆರೆದಿರುತ್ತದೆ. ಸೂತ್ರ ಮೊದಲ ಗಲ್ಲಿಗೆ ಸುಮಾರು 10 ಡಿಗ್ರಿ ಹೇಳಿದರೆ ಎರಡನೆಯದಕ್ಕೆ ಐದಕ್ಕೂ ಕಡಿಮೆ ಹೇಳುತ್ತದೆ.

ಈ ಅಂಕಿಗಳನ್ನು ಬೆಂಗಳೂರಿಗೆ ಹಾಗೇ ಅಂಟಿಸಬಾರದು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳ ಗರಿಷ್ಠವನ್ನು ಸಮಶೀತೋಷ್ಣ ದೇಶಗಳ ಊರುಗಳಿಂದ ತೆಗೆದ ಲೆಕ್ಕ ಅದು. ಉಷ್ಣವಲಯದಲ್ಲಿ ಅಂತರ ಸಾಮಾನ್ಯವಾಗಿ ಕಡಿಮೆ. ಒಂದು ಕಾರಣವನ್ನು ಓಕ್ ತಂಡ 1991ರ ಗಣಿತ ಮಾದರಿಯಲ್ಲಿ ಬಿಡಿಸಿತು. ಒಣ ನೆಲ ಮೇಲ್ಪದರದಲ್ಲಷ್ಟೇ ಕಾದು ಸಂಜೆ ಬೇಗ ತಣಿಯುತ್ತದೆ. ಒದ್ದೆ ನೆಲ ಕಾಂಕ್ರೀಟಿನಂತೆಯೇ ಶಾಖವನ್ನು ಆಳಕ್ಕೆ ಎಳೆದುಕೊಂಡು ನಿಧಾನ ಬಿಡುತ್ತದೆ. ಮಳೆಗಾಲದಲ್ಲಿ ಊರಾಚೆಯ ಹೊಲವೇ ನಿಧಾನ ತಣಿಯುವುದರಿಂದ, ಪೇಟೆ ಬದಲಾಗದಿದ್ದರೂ ದ್ವೀಪ ಕುಗ್ಗುತ್ತದೆ. ಅಳೆಯುವಾಗ ನಗರದಷ್ಟೇ ಗಮನವನ್ನು ಊರಾಚೆಯ ಜಾಗಕ್ಕೂ ಕೊಡಬೇಕಾದ್ದು ಇದಕ್ಕೇ.

ಆ ಗಮನ ಬಹಳ ಕಡೆ ಇರಲಿಲ್ಲ. 2011ರಲ್ಲಿ ಇಯಾನ್ ಸ್ಟೀವರ್ಟ್ 190 ಅಧ್ಯಯನಗಳನ್ನು ಜರಡಿ ಹಿಡಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಅಂಕಿಗಳು ನಂಬಲು ಯೋಗ್ಯವಲ್ಲ ಎಂದು ಕಂಡಿತು. ಕೆಲವರು ಗಾಳಿ ಮೋಡಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಹಲವರು ಅಳೆದ ಜಾಗ ಹೇಗಿದೆ ಎಂದೇ ಬರೆದಿರಲಿಲ್ಲ. ಮರುವರ್ಷ ಅವನು ಓಕ್ ಜೊತೆ ಸೇರಿ ನಗರ, ಹಳ್ಳಿ ಎಂಬ ಎರಡೇ ಪೆಟ್ಟಿಗೆಗಳನ್ನು ಬಿಟ್ಟು, ಕಟ್ಟಡದ ಎತ್ತರ, ದಟ್ಟಣೆ, ಹಸಿರು, ನೆಲದ ಗುಣಗಳಿಂದ 17 ಬಗೆಯ ಪ್ರದೇಶಗಳನ್ನು ಗುರುತಿಸಿದ.

ಉಪಗ್ರಹ ಚಿತ್ರಗಳ ವಿಷಯದಲ್ಲೂ ಎಚ್ಚರ ಬೇಕು. ಪತ್ರಿಕೆಗಳಲ್ಲಿ ಬರುವ ಕೆಂಪು ನಕ್ಷೆಗಳು ತೋರಿಸುವುದು ಮೇಲ್ಮೈಯ ಬಿಸಿ, ನಾವು ಉಸಿರಾಡುವ ಗಾಳಿಯದ್ದಲ್ಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಛಾವಣಿ ಕಾಣುತ್ತದೆ, ಗೋಡೆ ಬಹುಪಾಲು ಕಾಣದು. ಬೇಸಿಗೆಯ ಹಗಲಿನಲ್ಲಿ ನಮ್ಮ ಬಯಲುಸೀಮೆಯಂಥ ಕಡೆ ಪೈರಿಲ್ಲದ ಒಣ ಹೊಲವೇ ಊರಿಗಿಂತ ಬಿಸಿಯಾಗಿ ಕಾಣಬಹುದು. ಅದನ್ನು ನೋಡಿ ನಗರ ತಂಪು ಎಂದರೆ, ರಾತ್ರಿ ಗಲ್ಲಿಯ ಮನೆಯಲ್ಲಿ ಸೆಖೆಗೆ ನಿದ್ದೆಗೆಡುವವರಿಗೆ ಅನ್ಯಾಯ ಮಾಡಿದಂತೆ.

ಪರಿಹಾರದ ಮಾತೂ ಹಗಲು ರಾತ್ರಿಗೆ ಬೇರೆಬೇರೆ. ಛಾವಣಿಗೆ ಸುಣ್ಣ ಬಳಿದರೆ ಕಟ್ಟಡ ಹಗಲು ಕುಡಿಯುವ ಶಾಖ ತಗ್ಗುತ್ತದೆ, ಗಲ್ಲಿಗೆ ಕಾಣುವ ಆಕಾಶ ಮಾತ್ರ ಅಷ್ಟೇ ಉಳಿಯುತ್ತದೆ. 1990ರ ದಶಕದಲ್ಲಿ ಸ್ಪ್ರಾಂಕನ್-ಸ್ಮಿತ್ ಮತ್ತು ಓಕ್ ವ್ಯಾಂಕೂವರ್, ಸ್ಯಾಕ್ರಮೆಂಟೊ ಊರುಗಳ ಉದ್ಯಾನಗಳನ್ನು ಅಳೆದಾಗ, ದಟ್ಟ ಮರಗಳ ತೋಪು ಹಗಲಿನಲ್ಲಿ ತಂಪಾಗಿತ್ತು, ಸಂಜೆಯ ಬಳಿಕ ಬೇಗ ತಣಿದದ್ದು ತೆರೆದ ಹುಲ್ಲುಬಯಲು. ಆ ತಂಪು ಉದ್ಯಾನದ ಅಂಚಿನಿಂದ ಹೆಚ್ಚುಕಡಿಮೆ ಅದರ ಅಗಲದಷ್ಟು ದೂರವೇ ಹರಡುತ್ತಿತ್ತು. ಹಾಗಾಗಿ ಒತ್ತೊತ್ತಾಗಿ ಕಟ್ಟಿದ ಪೇಟೆಯ ರಾತ್ರಿಗೆ ಊರಂಚಿನ ಒಂದು ದೊಡ್ಡ ಉದ್ಯಾನಕ್ಕಿಂತ, ಮನೆಗಳ ನಡುನಡುವೆ ಉಳಿದಿರುವ ಚಿಕ್ಕ ಮೈದಾನಗಳನ್ನು ಕಟ್ಟಡಕ್ಕೆ ಬಿಟ್ಟುಕೊಡದಿರುವುದು ಹೆಚ್ಚು ಉಪಯೋಗ.